ಲಿಥಿಯಂ, ಭೇದಿ, ಐಬುಪ್ರೊಫೆನ್: ರಕ್ತದ ಮಟ್ಟ ಏರುವ ಲೆಕ್ಕ

ಉನ್ಮಾದದ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡುವ ಒಂದು ಮಾತಿದೆ. ಎನ್‌ಎಸ್‌ಎಐಡಿ ಗುಂಪಿನ ನೋವಿನ ಮಾತ್ರೆ ಜೊತೆಗೆ ಬೇಡ, ಮೈಯಲ್ಲಿ ನೀರು ಕಡಿಮೆಯಾಗಬಾರದು. ಮಾತು ಸರಿಯೇ. ಆದರೆ ಮಟ್ಟ ಎಷ್ಟು ಏರುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ರಿಪೋರ್ಟ್ ಕೈಗೆ ಬಂದಾಗ ಅದನ್ನು ಓದಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಒಂದು ಕೇಸ್ ತೆಗೆದುಕೊಂಡು ಲೆಕ್ಕ ಮಾಡಿ ನೋಡೋಣ.

ಮೊದಲು ಕಿಡ್ನಿ. ಲಿಥಿಯಂ ಲಿವರ್‌ನಲ್ಲಿ ಒಡೆಯುವುದಿಲ್ಲ, ರಕ್ತದ ಪ್ರೋಟೀನಿಗೂ ಅಂಟಿಕೊಳ್ಳುವುದಿಲ್ಲ. ಹೆಚ್ಚುಕಡಿಮೆ ಪೂರ್ತಿ ಮೂತ್ರದಲ್ಲೇ ಹೊರಗೆ ಹೋಗಬೇಕು. ಸೋಸಿ ಬಂದ ಲಿಥಿಯಂನಲ್ಲಿ ಸುಮಾರು ಮುಕ್ಕಾಲು ಭಾಗವನ್ನು, ಇನ್ನೂ ಸ್ವಲ್ಪ ಜಾಸ್ತಿಯನ್ನೇ, ಕಿಡ್ನಿಯ ನಾಳಗಳು ವಾಪಸ್ ಎಳೆದುಕೊಳ್ಳುತ್ತವೆ. ಇದರಲ್ಲಿ ಬಹುಪಾಲು ಶುರುವಿನ ಭಾಗವಾದ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲೇ ನಡೆಯುತ್ತದೆ. ಅಲ್ಲಿ ಲಿಥಿಯಂ ಹೋಗುವುದು ಸೋಡಿಯಂ ಹೋಗುವ ದಾರಿಯಲ್ಲೇ. ಇಷ್ಟು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ದೇಹಕ್ಕೆ ಉಪ್ಪು ನೀರು ಕಡಿಮೆ ಬಿತ್ತು ಅಂದರೆ ಕಿಡ್ನಿ ಸೋಡಿಯಂ ಉಳಿಸಲು ಹೊರಡುತ್ತದೆ, ಲಿಥಿಯಂ ಕೂಡ ಅದರ ಜೊತೆಗೆ ಒಳಗೇ ಉಳಿಯುತ್ತದೆ.

1949ರಲ್ಲಿ ಅಮೆರಿಕದಲ್ಲಿ ನಡೆದದ್ದು ಇದೇ. ಹೃದಯದ ಕಾಯಿಲೆಗೆ ಉಪ್ಪು ಬಿಟ್ಟಿದ್ದವರು ಲಿಥಿಯಂ ಕ್ಲೋರೈಡನ್ನು ಉಪ್ಪಿನ ಬದಲಿಗೆ ಬಳಸಿದರು. ಸೋಡಿಯಂ ಕಡಿಮೆ ಇರುವ ಮೈಗೆ ಲಿಥಿಯಂ ಹೋಯಿತು. ಕೆಲವರು ಸತ್ತರು. ಅದೇ ವರ್ಷ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಎಂದು ಬರೆದಿದ್ದರು ಅನ್ನುವುದು ಗಮನಿಸಬೇಕಾದ ವಿಷಯ.

ಇನ್ನು ಮಟ್ಟ ಅಳೆಯುವುದು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು ಅಂತ ನೋಡುತ್ತಾರೆ. ತೀವ್ರ ಉನ್ಮಾದದಲ್ಲಿ ಇನ್ನೂ ಸ್ವಲ್ಪ ಮೇಲೆ ಹೋಗಬಹುದು. 1.5 ದಾಟಿದರೆ ವಿಷದ ಲಕ್ಷಣಗಳ ಭಯ ಜಾಸ್ತಿ, ವಯಸ್ಸಾದವರಲ್ಲಿ ಅದಕ್ಕಿಂತ ಕೆಳಗೇ ಶುರುವಾಗಬಹುದು. ಈ ಅಂಕಿಗಳೆಲ್ಲ ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ತೆಗೆದ ರಕ್ತಕ್ಕೆ ಮಾತ್ರ ಸರಿ. ಬೆಳಗ್ಗೆ ಮಾತ್ರೆ ನುಂಗಿ ಎರಡೇ ಗಂಟೆಯಲ್ಲಿ ಬಂದು ರಕ್ತ ಕೊಟ್ಟರೆ ಮಟ್ಟ ಸುಮ್ನೆ ಜಾಸ್ತಿ ತೋರಿಸುತ್ತದೆ. ಬೆಳಗ್ಗೆಯೂ ಮಾತ್ರೆ ಇರುವವರು ರಕ್ತ ಕೊಟ್ಟ ಮೇಲೆ ನುಂಗಬೇಕು. ಇನ್ನೊಂದು ಎಡವಟ್ಟು ಟ್ಯೂಬಿನಲ್ಲಿ ಆಗುತ್ತದೆ. ಲಿಥಿಯಂ ಹೆಪಾರಿನ್ ಹಾಕಿದ ಟ್ಯೂಬಿಗೆ ರಕ್ತ ತುಂಬಿದರೆ ಟ್ಯೂಬಿನ ಲಿಥಿಯಮ್ಮೇ ರಿಪೋರ್ಟಿನಲ್ಲಿ ಸೇರಿಕೊಳ್ಳುತ್ತದೆ. ರೋಗಿ ಆರಾಮಾಗಿ ಕೂತಿದ್ದಾರೆ, ಕಿಡ್ನಿಯೂ ಚೆನ್ನಾಗಿದೆ, ಮಟ್ಟ ಮಾತ್ರ ವಿಪರೀತ ಮೇಲಿದೆ ಅಂದರೆ ಮೊದಲು ಟ್ಯೂಬಿನ ವಿಚಾರ ಕೇಳಿ.

ಈಗ ಕೇಸ್. ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು. 62 ವರ್ಷದ ಹೆಂಗಸು, ತೂಕ 60 ಕೆಜಿ. ರಾತ್ರಿ 9ಕ್ಕೆ 900 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್. ವರ್ಷಗಳಿಂದ ಮಟ್ಟ 0.8ರ ಆಸುಪಾಸು. 300 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 8 ಮಿಲಿಮೋಲ್ ಲಿಥಿಯಂ ಇರುತ್ತದೆ, ಅಂದರೆ ದಿನಕ್ಕೆ 24 ಮಿಲಿಮೋಲ್ ಒಳಗೆ ಹೋಗುತ್ತಿದೆ. ಇವರ ಕಿಡ್ನಿ ನಿಮಿಷಕ್ಕೆ 20 ಮಿಲಿಲೀಟರ್ ರಕ್ತದಷ್ಟು ಲಿಥಿಯಂ ತೊಳೆದು ಹಾಕುತ್ತದೆ ಅಂದುಕೊಳ್ಳಿ. ಇದೇ ಕ್ಲಿಯರೆನ್ಸ್. ದಿನಕ್ಕೆ ಸುಮಾರು 29 ಲೀಟರ್ ಆಯಿತು. 24ನ್ನು 29ರಿಂದ ಭಾಗಿಸಿ, 0.83 ಬರುತ್ತದೆ. ರಿಪೋರ್ಟಿಗೆ ಹೊಂದುತ್ತದೆ ಅಲ್ವಾ? ಇದು ಸರಾಸರಿಯ ಲೆಕ್ಕ, ಮಾತ್ರೆ ನುಂಗಿದ ಮೇಲಿನ ಏರಿಳಿತವನ್ನು ಬಿಟ್ಟಿದ್ದೇನೆ. ವಿಷಯ ತಿಳಿಯಲು ಸಾಕು.

ಇವರಿಗೆ ಮಂಡಿ ನೋವು ಶುರುವಾಗುತ್ತದೆ. ಚೀಟಿ ಇಲ್ಲದೆ ಸಿಗುವ ಐಬುಪ್ರೊಫೆನ್ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರರಂತೆ ನುಂಗುತ್ತಾರೆ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ಇಡುವುದು ಪ್ರೊಸ್ಟಾಗ್ಲಾಂಡಿನ್. ಐಬುಪ್ರೊಫೆನ್ ಅದರ ತಯಾರಿಯನ್ನೇ ನಿಲ್ಲಿಸುತ್ತದೆ. ಸೋಸುವುದು ಕಡಿಮೆಯಾಗುತ್ತದೆ, ಸೋಡಿಯಂ ವಾಪಸ್ ಎಳೆಯುವುದು ಹೆಚ್ಚುತ್ತದೆ. ಎಷ್ಟು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ಕೆಲವರಲ್ಲಿ ಏನೂ ಆಗದೆಯೂ ಇರಬಹುದು, ಇದನ್ನು ಮೊದಲೇ ಹೇಳಲು ಆಗುವುದಿಲ್ಲ ಅನ್ನುವುದೇ ಇಲ್ಲಿನ ದೊಡ್ಡ ತೊಂದರೆ. ನಮ್ಮ ಕೇಸಿನಲ್ಲಿ ಕ್ಲಿಯರೆನ್ಸ್ 20ರಿಂದ 15ಕ್ಕೆ ಇಳಿಯಿತು ಅನ್ನೋಣ. ಮಟ್ಟ 1.1ರ ಕಡೆಗೆ ಹೊರಡುತ್ತದೆ.

ಕಡೆಗೆ ಅಂದೆ, ತಕ್ಷಣ ಅಲ್ಲ. ಲಿಥಿಯಂ ಹರಡುವ ಜಾಗ ಕೆಜಿಗೆ ಸುಮಾರು 0.7 ಲೀಟರ್, ಇವರಿಗೆ 42 ಲೀಟರ್. ಮೈಯಲ್ಲಿರುವ ಲಿಥಿಯಂ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವೇ ಅರ್ಧಾಯುಷ್ಯ, ಕ್ಲಿಯರೆನ್ಸ್ 20 ಇದ್ದಾಗ ಅದು ಸುಮಾರು 24 ಗಂಟೆ. 15ಕ್ಕೆ ಇಳಿದಾಗ 32 ಗಂಟೆ. ಹೊಸ ಮಟ್ಟಕ್ಕೆ ತಲುಪಲು ನಾಲ್ಕೈದು ಅರ್ಧಾಯುಷ್ಯ ಬೇಕು, ಅಂದರೆ ಐದಾರು ದಿನ. "ಎರಡು ದಿನ ತಗೊಂಡೆ, ಏನೂ ಆಗಲಿಲ್ಲ" ಅನ್ನುವ ಮಾತನ್ನು ನಂಬಬಾರದು ಅನ್ನುವುದು ಇದಕ್ಕೇ. ಮಾತ್ರೆಯ ಪ್ರಮಾಣ ಬದಲಿಸಿದಾಗ 5ರಿಂದ 7 ದಿನ ಬಿಟ್ಟು ರಕ್ತ ನೋಡುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಐದು ದಿನ ಕಳೆಯಿತು, ಮಟ್ಟ 1.05 ಮುಟ್ಟಿದೆ. ಕೈ ಸ್ವಲ್ಪ ಜಾಸ್ತಿ ನಡುಗುತ್ತಿದೆ, ಅಷ್ಟೆ. ಆರನೆಯ ದಿನ ಜ್ವರ, ಭೇದಿ. ಊಟ ಸೇರುವುದಿಲ್ಲ, ಹಾಗಾಗಿ ಉಪ್ಪೂ ಒಳಗೆ ಹೋಗುವುದಿಲ್ಲ. ಮೈಕೈ ನೋವಿಗೆ ಐಬುಪ್ರೊಫೆನ್ ಮುಂದುವರಿಯುತ್ತದೆ, ರಾತ್ರಿಯ ಲಿಥಿಯಮ್ಮೂ ತಪ್ಪುವುದಿಲ್ಲ. ನೀರು ಕಡಿಮೆಯಾದಾಗ ಕಿಡ್ನಿ ಸೋಸುವುದನ್ನು ಕಾಪಾಡುವುದು ಇದೇ ಪ್ರೊಸ್ಟಾಗ್ಲಾಂಡಿನ್, ಬೇಕಾದ ಹೊತ್ತಿಗೆ ಅದು ಇಲ್ಲ. ಕ್ಲಿಯರೆನ್ಸ್ 15ರಿಂದ 10ಕ್ಕೆ ಬೀಳುತ್ತದೆ. ಈಗ ಮಟ್ಟ ಹೊರಟಿರುವುದು 1.65ರ ಕಡೆಗೆ. ಮೊದಲ ಇಳಿತ ಕಾಲು ಭಾಗ, ಎರಡನೆಯದು ಮೂರನೇ ಒಂದು ಭಾಗ. ಬೇರೆಬೇರೆಯಾಗಿ ನೋಡಿದರೆ ಯಾವುದೂ ಭಯಂಕರ ಅಲ್ಲ, ಆದರೆ ಒಂದರ ಮೇಲೊಂದು ಬಿದ್ದಾಗ ಕ್ಲಿಯರೆನ್ಸ್ ಅರ್ಧ ಆಗುತ್ತದೆ, ಮಾತ್ರೆ ಒಂದೂ ಜಾಸ್ತಿ ನುಂಗದೆ ಮಟ್ಟ ಎರಡು ಪಟ್ಟಾಗುತ್ತದೆ.

ಇನ್ನೊಂದು ವಿಷಯವೂ ಇದೆ. ತುಂಬಾ ಕಾಲ ಲಿಥಿಯಂ ತೆಗೆದುಕೊಂಡವರಲ್ಲಿ ಅನೇಕರಿಗೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗಿರುತ್ತದೆ. ಜಾಸ್ತಿ ಮೂತ್ರ, ಜಾಸ್ತಿ ಬಾಯಾರಿಕೆ. ಎದ್ದು ಓಡಾಡಿ ನೀರು ಕುಡಿಯುವವರೆಗೆ ಸರಿದೂಗುತ್ತದೆ. ಜ್ವರ ಬಂದು ಮಲಗಿದರೆ ನೀರು ಹೋಗುತ್ತಲೇ ಇರುತ್ತದೆ, ಒಳಗೆ ಬರುವುದಿಲ್ಲ. ಹೀಗಿರುವವರ ಮೂತ್ರ ತಿಳಿಯಾಗಿದೆ, ಚೆನ್ನಾಗಿ ಹೋಗುತ್ತಿದೆ ಅಂತ ನೋಡಿ ಮೈಯಲ್ಲಿ ನೀರು ಸಾಕಷ್ಟಿದೆ ಅಂದುಕೊಳ್ಳಬೇಡಿ.

ಹತ್ತನೆಯ ದಿನ ಮಧ್ಯಾಹ್ನ 3ಕ್ಕೆ ಮನೆಯವರು ಕರೆತರುತ್ತಾರೆ. ಕೈ ಜೋರಾಗಿ ನಡುಗುತ್ತಿದೆ, ಲೋಟ ಹಿಡಿಯಲು ಆಗುತ್ತಿಲ್ಲ. ನಡೆದರೆ ತೂರಾಟ, ಮಾತು ತೊದಲು, ಮಂಪರು. ರಕ್ತ ತೆಗೆದರೆ 1.35. "1.5 ಆಗಿಲ್ಲವಲ್ಲ" ಅಂತ ಬಿಡಬಹುದೇ? ಬಿಡಬಾರದು. ಕೊನೆಯ ಮಾತ್ರೆ ನಿನ್ನೆ ರಾತ್ರಿ 9ಕ್ಕೆ, ಅಂದರೆ 18 ಗಂಟೆ ಆಗಿದೆ. ಅರ್ಧಾಯುಷ್ಯ ಈಗ 48 ಗಂಟೆ. ಹಿಂದಕ್ಕೆ ಲೆಕ್ಕ ಹಾಕಿದರೆ 12ನೇ ಗಂಟೆಗೆ ಸುಮಾರು 1.47 ಇತ್ತು. ಅದೂ ಏರುವ ದಾರಿಯಲ್ಲಿರುವ ಅಂಕಿ, ಇವತ್ತು ರಾತ್ರಿಯೂ ಮಾತ್ರೆ ನುಂಗಿದರೆ ಇನ್ನೂ ಮೇಲೆ ಹೋಗುತ್ತದೆ. ಜೊತೆಗೆ ಹೀಗೆ ನಿಧಾನವಾಗಿ ಏರಿದಾಗ ಮಿದುಳಿನೊಳಗೆ ಲಿಥಿಯಂ ಸೇರಿರುತ್ತದೆ, ಆಗ ರಕ್ತದ ಅಂಕಿಗಿಂತ ಲಕ್ಷಣಗಳು ಜೋರಾಗಿರುತ್ತವೆ. ಅಂಕಿ ಮತ್ತು ಲಕ್ಷಣ ಜಗಳವಾಡಿದರೆ ನಾನು ಲಕ್ಷಣದ ಕಡೆ ನಿಲ್ಲುತ್ತೇನೆ.

ವಿಷದ ಅನುಮಾನ ಬಂದಾಗ 12 ಗಂಟೆ ಆಗಲಿ ಅಂತ ಕಾಯುವ ಹಾಗಿಲ್ಲ. ಆಗಲೇ ರಕ್ತ ತೆಗೆಯಬೇಕು, ಕೊನೆಯ ಮಾತ್ರೆಯ ಸಮಯ ಬರೆದಿಡಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ತೆಗೆಯಬೇಕು. ಕ್ರಿಯಾಟಿನಿನ್, ಸೋಡಿಯಂ ಜೊತೆಗೇ ಹೋಗಲಿ. ಇನ್ನೊಂದು ಗೊಂದಲ ಭೇದಿಯದ್ದೇ. ವಾಂತಿ ಭೇದಿ ಲಿಥಿಯಂ ಏರಲು ಕಾರಣವೂ ಹೌದು, ಏರಿದ್ದರ ಲಕ್ಷಣವೂ ಹೌದು. ಹೊಟ್ಟೆ ಕೆಟ್ಟಿದೆ ಅಷ್ಟೆ ಅಂತ ಮನೆಯಲ್ಲೇ ಕೂರುವುದು ಹೀಗೇ. ಬೇರೆ ಮಾಡಿ ನೋಡಲು ನಡಿಗೆ, ಮಾತು, ನಡುಕ ನೋಡಿ. ಬರೀ ಹೊಟ್ಟೆ ಕೆಟ್ಟವರು ತೊದಲುವುದಿಲ್ಲ.

ಇಂಥ ಲಕ್ಷಣ ಇದ್ದವರು ಮುಂದಿನ ಲಿಥಿಯಂ ಮಾತ್ರೆ ನುಂಗದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಅಲ್ಲಿ ಲಿಥಿಯಮ್ಮೂ ಐಬುಪ್ರೊಫೆನ್ನೂ ನಿಲ್ಲುತ್ತವೆ, ಸಲೈನ್ ಏರಿಸುತ್ತಾರೆ. ಮೂತ್ರ ಗಟ್ಟಿಯಾಗದವರಲ್ಲಿ ಸಲೈನಿನಿಂದ ರಕ್ತದ ಸೋಡಿಯಂ ಏರಬಹುದು, ಅದನ್ನು ಪದೇಪದೇ ನೋಡಬೇಕು. ಇದ್ದಿಲ ಪುಡಿಗೆ ಲಿಥಿಯಂ ಅಂಟುವುದಿಲ್ಲ, ಕೊಟ್ಟು ಪ್ರಯೋಜನ ಇಲ್ಲ. ಪ್ರಜ್ಞೆ ಕುಗ್ಗಿದರೆ, ಫಿಟ್ಸ್ ಬಂದರೆ ಡಯಾಲಿಸಿಸ್. ಅದು ಮುಗಿದ ಮೇಲೆ ಜೀವಕೋಶಗಳಿಂದ ಲಿಥಿಯಂ ಹೊರಬಂದು ಮಟ್ಟ ಮತ್ತೆ ಏರುವುದುಂಟು.

ಹಾಗಾದರೆ ನೋವಿಗೆ ಏನು? ಪ್ಯಾರಸಿಟಮಾಲ್ ಲಿಥಿಯಂ ಮಟ್ಟವನ್ನು ಮುಟ್ಟುವುದಿಲ್ಲ, ಅದರ ದಿನದ ಮಿತಿಯೊಳಗೆ ಇದ್ದರೆ ಮೊದಲ ಆಯ್ಕೆ ಅದೇ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್ ಮೂರೂ ಒಂದೇ ಸಾಲಿನವು. ಹೊಟ್ಟೆಗೆ ಒಳ್ಳೆಯದು ಅನ್ನುವ ಸೆಲೆಕಾಕ್ಸಿಬ್ ಥರದವೂ ಕಿಡ್ನಿಯ ಮಟ್ಟಿಗೆ ಇದೇ ಕೆಲಸ ಮಾಡುತ್ತವೆ. ಆಸ್ಪಿರಿನ್ ಒಂದು ವಿಚಿತ್ರ, ಗುಂಪು ಇದೇ ಆದರೂ ಲಿಥಿಯಂ ಮಟ್ಟ ಅದರಿಂದ ಅಷ್ಟಾಗಿ ಏರುವುದಿಲ್ಲ, ಹೃದಯಕ್ಕೆ ಅಂತ ಕೊಟ್ಟ ಕಡಿಮೆ ಪ್ರಮಾಣದ ಆಸ್ಪಿರಿನನ್ನು ಈ ಭಯಕ್ಕೆ ನಿಲ್ಲಿಸಬಾರದು. ಮೋಸ ಆಗುವುದು ಜೋಡಿ ಮಾತ್ರೆಗಳಲ್ಲಿ. ಪ್ಯಾರಸಿಟಮಾಲ್ ಅಂದುಕೊಂಡು ನುಂಗಿದ್ದರಲ್ಲಿ ಐಬುಪ್ರೊಫೆನ್ನೂ ಸೇರಿರಬಹುದು, ಶೀತ ಜ್ವರದ ಮಾತ್ರೆಗಳಲ್ಲೂ ಹಾಗೇ. ರೋಗಿಯನ್ನು ಕೇಳುವಾಗ "ಬೇರೆ ಔಷಧಿ ಇದೆಯಾ" ಅಂದರೆ ಇಲ್ಲ ಅನ್ನುತ್ತಾರೆ. ಚೀಟಿ ಇಲ್ಲದೆ ತಂದದ್ದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಲೆನೋವಿಗೆ, ಮಂಡಿಗೆ, ಮುಟ್ಟಿನ ನೋವಿಗೆ ಏನು ನುಂಗುತ್ತೀರಿ ಅಂತ ಒಂದೊಂದಾಗಿ ಕೇಳಿ, ಸ್ಟ್ರಿಪ್ ತೋರಿಸಲು ಹೇಳಿ.

ಎನ್‌ಎಸ್‌ಎಐಡಿ ಬೇಕೇ ಬೇಕು ಅನ್ನುವ ಸಂದರ್ಭವೂ ಬರುತ್ತದೆ. ಆಗ ವೈದ್ಯರು ಲಿಥಿಯಂ ಪ್ರಮಾಣ ಇಳಿಸಿ, ದಿನಾ ಒಂದೇ ಅಳತೆಯಲ್ಲಿ ನೋವಿನ ಮಾತ್ರೆ ಕೊಟ್ಟು, 5ರಿಂದ 7 ದಿನಕ್ಕೆ ಮಟ್ಟ ನೋಡುತ್ತಾರೆ. ನೋವು ಬಂದಾಗ ಒಂದು, ಇಲ್ಲದಾಗ ಇಲ್ಲ ಅನ್ನುವ ಪದ್ಧತಿಯೇ ಇಲ್ಲಿ ಕಷ್ಟದ್ದು, ಯಾವ ಮಟ್ಟವನ್ನು ನಂಬಬೇಕು ಅನ್ನುವುದೇ ತಿಳಿಯುವುದಿಲ್ಲ. ನೋವಿನ ಮಾತ್ರೆ ನಿಲ್ಲಿಸಿದಾಗಲೂ ಅಷ್ಟೇ. ಕ್ಲಿಯರೆನ್ಸ್ 15ರಿಂದ 20ಕ್ಕೆ ವಾಪಸ್ ಬರುತ್ತದೆ, ಇಳಿಸಿದ ಪ್ರಮಾಣ ಹಾಗೇ ಉಳಿದಿದ್ದರೆ ಮಟ್ಟ 0.6ಕ್ಕೆ, ಇನ್ನೂ ಕೆಳಗೆ ಜಾರಬಹುದು, ಉನ್ಮಾದ ಮರುಕಳಿಸಬಹುದು. ಅದಕ್ಕೆ ನಿಲ್ಲಿಸಿದ ವಾರದ ನಂತರದ ರಕ್ತ ಪರೀಕ್ಷೆಯನ್ನೂ ಶುರುವಿನ ದಿನವೇ ಬರೆದಿಟ್ಟುಕೊಳ್ಳಬೇಕು.