ಜ್ವರದ ಮಾತ್ರೆಗೆ ಲಿವರಿನಲ್ಲಿ ಮೂರು ದಾರಿ

ಪ್ಯಾರಾಸಿಟಮಾಲ್ 650ರ ಒಂದು ಮಾತ್ರೆ ನುಂಗಿದರೆ ಒಂದು ದಿನದೊಳಗೆ ಅದರ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗಿರುತ್ತದೆ. ಆದರೆ ಆ ಮೂತ್ರವನ್ನು ಪರೀಕ್ಷಿಸಿದರೆ, ನುಂಗಿದ ರೂಪದಲ್ಲೇ ಉಳಿದ ಪ್ಯಾರಾಸಿಟಮಾಲ್ ಸಿಗುವುದು ನೂರಕ್ಕೆ ಸುಮಾರು ಐದು ಪಾಲು, ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬೇರೆ ವಸ್ತುವಾಗಿ ಬದಲಾಗಿರುತ್ತದೆ. ಬದಲಾಯಿಸಿದ್ದು ಲಿವರ್.

ಬದಲಾಯಿಸುವ ಅಗತ್ಯವೇನು? ಔಷಧಿಗಳಲ್ಲಿ ಹೆಚ್ಚಿನವು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಹಾಗೆ ಕರಗುವುದರಿಂದಲೇ ಕರುಳಿನ ಗೋಡೆ ದಾಟಿ ರಕ್ತ ಸೇರುತ್ತವೆ. ಕಿಡ್ನಿಯಲ್ಲಿ ಇದೇ ಗುಣ ತೊಡಕಾಗುತ್ತದೆ. ಕಿಡ್ನಿ ಅವನ್ನು ಸೋಸಿ ನಾಳದೊಳಕ್ಕೆ ಬಿಟ್ಟರೂ, ನಾಳದ ಗೋಡೆಯ ಮೂಲಕ ಅವು ಮತ್ತೆ ರಕ್ತಕ್ಕೇ ನುಸುಳಿಬಿಡುತ್ತವೆ. ನೀರಿನಲ್ಲಿ ಕರಗುವ, ವಿದ್ಯುದಂಶ ಹೊತ್ತ ಅಣು ಹಾಗೆ ಗೋಡೆ ದಾಟಲಾರದು. ಮೂತ್ರದಲ್ಲೇ ಉಳಿದು ಹೊರಗೆ ಹೋಗುತ್ತದೆ. ಕೊಬ್ಬಿನ ಸಹವಾಸದಿಂದ ಬಿಡಿಸಿ ನೀರಿಗೆ ಒಗ್ಗಿಸುವ ಈ ಕೆಲಸಕ್ಕೆ ಲಿವರಿನಲ್ಲಿ ಎರಡು ಬಗೆಯ ಕಿಣ್ವಗಳಿವೆ.

ಮೊದಲನೆಯದು ಸೈಟೋಕ್ರೋಮ್ ಪಿ450 ಕುಟುಂಬ. ಮನುಷ್ಯರಲ್ಲಿ ಈ ಕುಟುಂಬದ 57 ಜೀನ್‌ಗಳು ಕೆಲಸ ಮಾಡುತ್ತವೆ. ಔಷಧಿಗಳ ಹೊಣೆ ಹೊತ್ತವು ಅವುಗಳಲ್ಲಿ ಕೆಲವೇ. ಇವುಗಳೊಳಗೆ ಹಿಮೋಗ್ಲೋಬಿನ್‌ನಲ್ಲಿ ಇರುವಂಥದೇ ಕಬ್ಬಿಣದ ಹೀಮ್ ಇದೆ. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಅಂಟಿಕೊಂಡಾಗ 450 ನ್ಯಾನೊಮೀಟರಿನ ಬೆಳಕನ್ನು ಹೀರುತ್ತದೆ. 1962ರಲ್ಲಿ ಜಪಾನಿನ ಒಮುರಾ ಮತ್ತು ಸಾಟೊ ಆ ಸಂಖ್ಯೆಯನ್ನೇ ಸೇರಿಸಿ ಹೆಸರಿಟ್ಟರು. ಉಸಿರಿನಿಂದ ಬಂದ ಆಮ್ಲಜನಕದ ಎರಡು ಪರಮಾಣುಗಳಲ್ಲಿ ಒಂದನ್ನು ಔಷಧಿಯ ಅಣುವಿಗೆ ಕೂಡಿಸಿ, ಇನ್ನೊಂದನ್ನು ನೀರಾಗಿಸುವುದು ಇವುಗಳ ಮುಖ್ಯ ಕೆಲಸ. ಎರಡನೆಯ ಬಗೆಯ ಕಿಣ್ವಗಳು ಔಷಧಿಗೆ ಒಂದು ಜೊತೆಗಾರನನ್ನು ಕಟ್ಟುತ್ತವೆ. ಸಕ್ಕರೆಯಿಂದ ಹುಟ್ಟಿದ ಗ್ಲುಕ್ಯುರಾನಿಕ್ ಆಮ್ಲ, ಸಲ್ಫೇಟ್, ಗ್ಲುಟಾಥಯೋನ್ ಇವು ಮುಖ್ಯ ಜೊತೆಗಾರರು. ಇದಕ್ಕೆ ಸಂಯೋಜನೆ ಎನ್ನೋಣ.

ಪಠ್ಯಪುಸ್ತಕಗಳು ಇವನ್ನು ಮೊದಲ ಹಂತ, ಎರಡನೆಯ ಹಂತ ಎಂದು ಕರೆಯುತ್ತವೆ. ಓದಿದವರ ತಲೆಯಲ್ಲಿ ಉಳಿಯುವ ಚಿತ್ರ ಹೀಗಿರುತ್ತದೆ: ಮೊದಲು ಪಿ450 ವಿಷವನ್ನು ಅರ್ಧ ಇಳಿಸುತ್ತದೆ, ಆಮೇಲೆ ಸಂಯೋಜನೆ ಪೂರ್ತಿ ಇಳಿಸುತ್ತದೆ. ಈ ಚಿತ್ರ ತಪ್ಪು, ಅಪಾಯಕಾರಿಯೂ ಹೌದು ಎಂಬುದು ನನ್ನ ಅಭಿಪ್ರಾಯ. ಪಿ450ಗೆ ವಿಷ ಯಾವುದು, ಮದ್ದು ಯಾವುದು ಎಂಬ ವಿವೇಚನೆ ಇಲ್ಲ. ಅದು ಆಕ್ಸಿಡೀಕರಿಸುತ್ತದೆ, ಅಷ್ಟೇ. ಹುಟ್ಟುವುದು ಸಾಧುವೋ ಘಾತುಕವೋ ಎಂಬುದು ಅಣುವಿನ ರಚನೆಯನ್ನು ಅವಲಂಬಿಸಿದೆ. ಪ್ಯಾರಾಸಿಟಮಾಲಿನ ಕತೆಯಲ್ಲಿ ಈ ಎರಡೂ ಮುಖಗಳು ಕಾಣುತ್ತವೆ.

1880ರ ದಶಕದಲ್ಲಿ ಅಸಿಟನಿಲೈಡ್ ಎಂಬ ರಾಸಾಯನಿಕ ಜ್ವರದ ಮದ್ದಾಗಿ ಬಂತು. ಜ್ವರ ಇಳಿಯುತ್ತಿತ್ತು, ಆದರೆ ಕೆಲವರ ತುಟಿ ನೀಲಿಗಟ್ಟುತ್ತಿತ್ತು. ಜ್ವರ ಇಳಿಸುತ್ತಿದ್ದದ್ದು ಅಸಿಟನಿಲೈಡ್ ಅಲ್ಲ, ಅದು ದೇಹದೊಳಗೆ ಆಕ್ಸಿಡೀಕರಣಗೊಂಡು ಹುಟ್ಟಿದ ಪ್ಯಾರಾಸಿಟಮಾಲ್ ಎಂದು 1948ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ತೋರಿಸಿದರು. ಅಂದರೆ ಲಿವರ್ ತಯಾರಿಸುತ್ತಿದ್ದ ವಸ್ತುವನ್ನೇ ನಾವಿಂದು ನೇರವಾಗಿ ಮಾತ್ರೆಯಾಗಿ ನುಂಗುತ್ತಿದ್ದೇವೆ. ಅಲ್ಲಿ ಆಕ್ಸಿಡೀಕರಣ ಉಪಕಾರ ಮಾಡಿತು. ಅದೇ ಪ್ಯಾರಾಸಿಟಮಾಲನ್ನು ಮತ್ತೊಮ್ಮೆ ಆಕ್ಸಿಡೀಕರಿಸಿದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ.

ಪ್ಯಾರಾಸಿಟಮಾಲಿನ ಅಣುವಿಗೆ ಹಿಡಿಕೆಯಂಥ ಹೈಡ್ರಾಕ್ಸಿಲ್ ಗುಂಪು ಮೊದಲೇ ಇದೆ. ಆದ್ದರಿಂದ ಸಂಯೋಜನೆಗೆ ಪಿ450ಯ ಸಹಾಯ ಬೇಕಿಲ್ಲ. ಮಾಮೂಲಿ ಡೋಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಗ್ಲುಕ್ಯುರಾನಿಕ್ ಆಮ್ಲ ಕಟ್ಟಿಕೊಳ್ಳುತ್ತದೆ, ಸುಮಾರು ಮೂರನೇ ಒಂದು ಪಾಲಿಗೆ ಸಲ್ಫೇಟ್. ಎರಡೂ ನಿರುಪದ್ರವಿ, ಎರಡೂ ಮೂತ್ರದಲ್ಲಿ ಹೋಗುತ್ತವೆ. ಮೂರನೆಯ ದಾರಿ ಕಿರಿದು: ನೂರಕ್ಕೆ ಐದರಿಂದ ಹತ್ತು ಪಾಲು ಪಿ450ಯ ಕೈಗೆ, ಮುಖ್ಯವಾಗಿ ಸಿವೈಪಿ 2ಇ1 ಎಂಬ ಕಿಣ್ವದ ಕೈಗೆ ಸಿಗುತ್ತದೆ. ಅಲ್ಲಿ ಹುಟ್ಟುವ ವಸ್ತುವನ್ನು ಔಷಧಶಾಸ್ತ್ರದವರು ನ್ಯಾಪ್ಕಿ ಎನ್ನುತ್ತಾರೆ. ಅದು ಮುಟ್ಟಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ಅಣು. ಅದರಲ್ಲೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟಿದರೆ ಕೋಶವೇ ಸಾಯುತ್ತದೆ. ಹಾಗಾಗದಂತೆ ತಡೆಯುವುದು ಗ್ಲುಟಾಥಯೋನ್. ನ್ಯಾಪ್ಕಿ ಹುಟ್ಟಿದ ಕೂಡಲೇ ಒಂದಕ್ಕೊಂದರಂತೆ ಹಿಡಿದು ಕಟ್ಟಿ, ಮೂತ್ರದ ದಾರಿ ತೋರಿಸುತ್ತದೆ.

ಇಲ್ಲೊಂದು ಸ್ಥೂಲ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದೂವರೆ ಕಿಲೊ ತೂಕದ ಲಿವರಿನಲ್ಲಿ ಸುಮಾರು 7 ಮಿಲಿಮೋಲ್‌ನಷ್ಟು ಗ್ಲುಟಾಥಯೋನ್ ದಾಸ್ತಾನು ಇರುತ್ತದೆ ಎಂದುಕೊಳ್ಳಿ. ಮಿಲಿಮೋಲ್ ಎಂದರೆ ಅಣುಗಳ ಎಣಿಕೆಯ ಅಳತೆ. 650 ಮಿಲಿಗ್ರಾಂ ಮಾತ್ರೆ ಎಂದರೆ 4.3 ಮಿಲಿಮೋಲ್ ಪ್ಯಾರಾಸಿಟಮಾಲ್. ಅದರಲ್ಲಿ ನೂರಕ್ಕೆ ಏಳು ಪಾಲು ನ್ಯಾಪ್ಕಿಯಾದರೆ 0.3 ಮಿಲಿಮೋಲ್. ದಾಸ್ತಾನಿನ ಸಣ್ಣ ಚೂರು ಖರ್ಚಾಯಿತು, ಊಟದ ಪ್ರೋಟೀನಿನಿಂದ ಬರುವ ಸಿಸ್ಟೀನ್ ಬಳಸಿ ಲಿವರ್ ಅದನ್ನು ಕೆಲವೇ ಗಂಟೆಗಳಲ್ಲಿ ತುಂಬಿಕೊಂಡಿತು. ದಾಸ್ತಾನು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಮಾತ್ರ ನ್ಯಾಪ್ಕಿ ಪ್ರೋಟೀನುಗಳ ಮೇಲೆರಗುತ್ತದೆ.

ಈಗ ಪ್ರತಿ ಮಳೆಗಾಲದಲ್ಲಿ ಎದುರಾಗುವಂಥ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. 50 ಕಿಲೊ ತೂಕದ ಮಹಿಳೆಗೆ ಡೆಂಗಿ ಜ್ವರ. ಊಟ ಸೇರುತ್ತಿಲ್ಲ, ಎರಡು ದಿನದಿಂದ ಗಂಜಿಯ ತಿಳಿ ಮಾತ್ರ. ಮೈಕೈ ನೋವು ತಡೆಯಲಾಗದೆ ನಾಲ್ಕು ಗಂಟೆಗೊಮ್ಮೆ 650ರ ಮಾತ್ರೆ: ದಿನಕ್ಕೆ ಆರು, ಅಂದರೆ 3.9 ಗ್ರಾಂ. ಜೊತೆಗೆ ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ದಿನಕ್ಕೆ ಮೂರು. ಅದರಲ್ಲೂ ತಲಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಯಾರೂ ಓದಲಿಲ್ಲ. ಒಟ್ಟು ದಿನಕ್ಕೆ 5.4 ಗ್ರಾಂ, ಮೂರು ದಿನ.

5.4 ಗ್ರಾಂ ಎಂದರೆ 36 ಮಿಲಿಮೋಲ್. ಸಲ್ಫೇಟಿನ ದಾರಿ ಬೇಗ ತುಂಬಿಹೋಗುತ್ತದೆ, ಏಕೆಂದರೆ ಅದರ ಕಚ್ಚಾವಸ್ತುವಿನ ದಾಸ್ತಾನು ಚಿಕ್ಕದು. ಗ್ಲುಕ್ಯುರಾನಿಕ್ ಆಮ್ಲ ತಯಾರಾಗುವುದು ಲಿವರಿನ ಸಕ್ಕರೆಯಿಂದ. ಉಪವಾಸದಲ್ಲಿ ಅದೂ ಕುಗ್ಗುತ್ತದೆ. ಆಗ ಮೂರನೆಯ ದಾರಿಯಲ್ಲಿ ಹೋಗುವ ಪಾಲು ಏರುತ್ತದೆ. ನೂರಕ್ಕೆ 12 ಎಂದು ಹಿಡಿದರೂ ದಿನಕ್ಕೆ ನಾಲ್ಕು ಮಿಲಿಮೋಲಿಗಿಂತ ಹೆಚ್ಚು ನ್ಯಾಪ್ಕಿ. ಊಟವಿಲ್ಲದೆ ಸಿಸ್ಟೀನ್ ಕೊರತೆಯಾಗಿ ಗ್ಲುಟಾಥಯೋನ್ ದಾಸ್ತಾನು ಮೊದಲೇ ಇಳಿದಿದೆ, ತುಂಬಿಕೊಳ್ಳುವ ವೇಗವೂ ತಗ್ಗಿದೆ. ಖರ್ಚು ಏರಿತು, ಆದಾಯ ಇಳಿಯಿತು. ದಿನವೂ ಕುಡಿಯುವವರಾದರೆ ಸಿವೈಪಿ 2ಇ1 ಕಿಣ್ವದ ಪ್ರಮಾಣವೇ ಹೆಚ್ಚಿರುತ್ತದೆ, ಗ್ಲುಟಾಥಯೋನ್ ಕಡಿಮೆ ಇರುತ್ತದೆ. ಲೆಕ್ಕ ಇನ್ನೂ ಬೇಗ ತಪ್ಪುತ್ತದೆ.

ಇದು ಹೊರಗೆ ಹೇಗೆ ಕಾಣುತ್ತದೆ? ಮೊದಲ ದಿನ ಹೆಚ್ಚೆಂದರೆ ವಾಕರಿಕೆ, ಸುಸ್ತು. ಎರಡು ಮೂರನೆಯ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಂತಿ. ಕಾಮಾಲೆ ತಡವಾಗಿ ಬರುತ್ತದೆ. ಕಣ್ಣು ಹಳದಿಯಾಗಿಲ್ಲ ಎಂದು ನೆಮ್ಮದಿಪಡುವಂತಿಲ್ಲ. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ರಕ್ತದಲ್ಲಿ ಸಾವಿರಗಟ್ಟಲೆ ಏರಬಹುದು. ಆದರೆ ಎಸ್‌ಜಿಪಿಟಿ ಹೇಳುವುದು ಎಷ್ಟು ಕೋಶ ಒಡೆದಿದೆ ಎಂಬುದನ್ನು ಮಾತ್ರ. ಲಿವರ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವುದು ಪಿಟಿ-ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ರೋಗಿ ಮಂಕಾಗುತ್ತಿದ್ದರೆ, ಲಿವರ್ ಕಸಿ ಸೌಲಭ್ಯ ಇರುವ ಆಸ್ಪತ್ರೆಗೆ ಸಾಗಿಸುವುದನ್ನು ತಡಮಾಡಬಾರದು.

ಇಂಥ ಪ್ರಕರಣದಲ್ಲಿ ವೈದ್ಯರೂ ಎರಡು ಕಡೆ ಎಡವುತ್ತಾರೆ. ಡೆಂಗಿಯಲ್ಲೂ ಲಿವರ್ ಕಿಣ್ವಗಳು ಏರುವುದರಿಂದ, ಎಲ್ಲವನ್ನೂ ಡೆಂಗಿಯ ತಲೆಗೆ ಕಟ್ಟುವುದು ಒಂದು. ಎಷ್ಟು ಮಾತ್ರೆ, ಯಾವ ಯಾವ ಹೆಸರಿನದು ಎಂದು ಕೇಳಿ, ಖಾಲಿ ಹಾಳೆಗಳನ್ನು ತರಿಸಿ ನೋಡದೆ ಇದು ಬಗೆಹರಿಯದು. ಇನ್ನೊಂದು, ರಕ್ತದಲ್ಲಿನ ಪ್ಯಾರಾಸಿಟಮಾಲ್ ಮಟ್ಟ ಕಡಿಮೆ ಇದೆ ಎಂದು ಕೈಬಿಡುವುದು. ರಕ್ತದ ಮಟ್ಟ ನೋಡಿ ಚಿಕಿತ್ಸೆ ಬೇಕೇ ಎಂದು ತೀರ್ಮಾನಿಸುವ ರುಮ್ಯಾಕ್-ಮ್ಯಾಥ್ಯೂ ನಕ್ಷೆ ಒಂದೇ ಸಲ ನುಂಗಿದವರಿಗೆ, ಅದೂ ನುಂಗಿದ ನಾಲ್ಕು ಗಂಟೆಯ ನಂತರದ ರಕ್ತಕ್ಕೆ ಮಾತ್ರ ಅನ್ವಯಿಸುತ್ತದೆ. ಮೂರು ದಿನ ಹಂತಹಂತವಾಗಿ ನುಂಗಿದವರಲ್ಲಿ ಔಷಧಿ ಹೋಗಿರಬಹುದು, ಗಾಯ ಉಳಿದಿರುತ್ತದೆ. ಎಸ್‌ಜಿಪಿಟಿ ಏರಿದ್ದರೆ ಅಥವಾ ರಕ್ತದಲ್ಲಿ ಔಷಧಿ ಇನ್ನೂ ಉಳಿದಿದ್ದರೆ ಮದ್ದು ಕೊಡುವುದೇ ಸರಿ.

ಆ ಮದ್ದು ಎನ್-ಅಸಿಟೈಲ್ ಸಿಸ್ಟೀನ್. ಗ್ಲುಟಾಥಯೋನನ್ನೇ ರಕ್ತಕ್ಕೆ ಕೊಟ್ಟರೆ ಅದು ಲಿವರ್ ಕೋಶದೊಳಗೆ ಸರಿಯಾಗಿ ಸೇರುವುದಿಲ್ಲ. ಇದು ಸೇರುತ್ತದೆ, ಒಳಗೆ ಹೋಗಿ ಸಿಸ್ಟೀನ್ ಒದಗಿಸುತ್ತದೆ, ಕೋಶ ತಾನೇ ಗ್ಲುಟಾಥಯೋನ್ ಕಟ್ಟಿಕೊಳ್ಳುತ್ತದೆ. ಪ್ರಚಲಿತ ಕ್ರಮದಲ್ಲಿ ಕಿಲೊಗೆ 150 ಮಿಲಿಗ್ರಾಂ ಮೊದಲ ಒಂದು ಗಂಟೆಯಲ್ಲಿ, 50 ಮಿಲಿಗ್ರಾಂ ಮುಂದಿನ ನಾಲ್ಕು ಗಂಟೆಯಲ್ಲಿ, 100 ಮಿಲಿಗ್ರಾಂ ಆಮೇಲಿನ 16 ಗಂಟೆಯಲ್ಲಿ. ನಮ್ಮ ಉದಾಹರಣೆಯ ಮಹಿಳೆಗೆ ಕ್ರಮವಾಗಿ 7.5, 2.5 ಮತ್ತು 5 ಗ್ರಾಂ, ಡೆಕ್ಸ್‌ಟ್ರೋಸ್ ಡ್ರಿಪ್ಪಿನಲ್ಲಿ. ಮೊದಲ ಗಂಟೆಯಲ್ಲಿ ಮುಖ ಕೆಂಪಾಗಿ, ತುರಿಕೆ ಎದ್ದು, ಕೆಲವೊಮ್ಮೆ ಉಸಿರು ಸಿಳ್ಳೆ ಹೊಡೆಯಬಹುದು. ಡ್ರಿಪ್ ನಿಲ್ಲಿಸಿ ಅಲರ್ಜಿಗೆ ಚಿಕಿತ್ಸೆ ಕೊಟ್ಟು ನಿಧಾನವಾಗಿ ಮತ್ತೆ ಶುರು ಮಾಡಬಹುದು. ಮದ್ದನ್ನೇ ಕೈಬಿಡಬೇಕಾಗುವುದು ಅಪರೂಪ. 21 ಗಂಟೆ ಮುಗಿದರೂ ಕಿಣ್ವಗಳು ಏರುತ್ತಲೇ ಇದ್ದರೆ ಮುಂದುವರಿಸಬೇಕು. ಒಂದೇ ಸಲ ಹೆಚ್ಚು ನುಂಗಿದವರಲ್ಲಿ ಎಂಟು ಗಂಟೆಯೊಳಗೆ ಶುರುವಾದರೆ ಲಿವರ್ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಅವರು ಆ ಹೊತ್ತಿನಲ್ಲಿ ಚೆನ್ನಾಗಿಯೇ ಕಾಣುತ್ತಾರೆ ಎಂಬುದೇ ಕಷ್ಟ. ಏನೂ ಆಗಿಲ್ಲವಲ್ಲ ಎಂದು ಮನೆಯಲ್ಲಿ ಕಾಯಬಾರದು, ನೇರ ಆಸ್ಪತ್ರೆಗೆ ಬರಬೇಕು.

ಡೆಂಗಿಯಲ್ಲಿ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್‌ಗಳತ್ತ ತಿರುಗುವಂತಿಲ್ಲ, ರಕ್ತಸ್ರಾವದ ಭಯ ಇದೆ. ಆದ್ದರಿಂದ ಪ್ಯಾರಾಸಿಟಮಾಲನ್ನೇ ಅಳತೆ ತಪ್ಪದೆ ಬಳಸಬೇಕು: ಎರಡು ಡೋಸಿನ ನಡುವೆ ಕನಿಷ್ಠ ಆರು ಗಂಟೆ, ಬೇರೆ ನೆಗಡಿ ಮಾತ್ರೆ ಜೊತೆಗಿಲ್ಲ. ನಡುವೆ ಜ್ವರ ಏರಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಬಹುದು.

ಮಕ್ಕಳ ವಿಷಯದಲ್ಲಿ ತಪ್ಪುವುದು ಬಾಟಲಿಯಲ್ಲಿ. ಡೋಸು ಕಿಲೊಗೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ಹತ್ತು ಕಿಲೊ ಮಗುವಿಗೆ 150 ಮಿಲಿಗ್ರಾಂ. ಐದು ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 6 ಮಿಲಿಲೀಟರ್, 250 ಇರುವುದರಲ್ಲಿ 3. ಆದರೆ ಹನಿಯಾಗಿ ಕೊಡುವ ಡ್ರಾಪ್ಸಿನಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ, ಅಲ್ಲಿ ಬೇಕಾದದ್ದು ಒಂದೂವರೆ ಮಿಲಿಲೀಟರ್ ಮಾತ್ರ. 125ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ವೈದ್ಯರು ಚೀಟಿಯಲ್ಲಿ "ಒಂದು ಚಮಚ" ಎಂದು ಬರೆಯದೆ, ಬಾಟಲಿಯ ಸಾಂದ್ರತೆ ಮತ್ತು ಮಿಲಿಲೀಟರ್ ಎರಡನ್ನೂ ಬರೆಯಬೇಕು.

ಮನೆಯಲ್ಲಿ ಬೆಕ್ಕಿದ್ದರೆ ಒಂದು ಮಾತು. ಅದಕ್ಕೆ ಜ್ವರವೆಂದು ನಮ್ಮ ಮಾತ್ರೆಯ ಚೂರು ಕೊಡುವವರಿದ್ದಾರೆ. ಪ್ಯಾರಾಸಿಟಮಾಲಿಗೆ ಗ್ಲುಕ್ಯುರಾನಿಕ್ ಆಮ್ಲ ಕಟ್ಟುವ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಮೂರು ದಾರಿಗಳಲ್ಲಿ ಅತ್ಯಂತ ಅಗಲವಾದದ್ದು ಅದಕ್ಕೆ ಇಲ್ಲವೇ ಇಲ್ಲ. ಸಲ್ಫೇಟಿನ ದಾರಿಯೂ ಕಿರಿದು. ಮೊದಲು ಕೆಡುವುದು ಅದರ ಕೆಂಪು ರಕ್ತಕಣ. ಒಸಡು ಕಂದುಗಟ್ಟಿ, ಮುಖ ಊದಿ, ಏದುಸಿರು ಬಿಡುತ್ತದೆ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.