ಮೂರು ಕವಲು, ಒಂದು ಮೀಟರು ಮತ್ತು ಹದಿನೆಂಟು ಓಮ್‌ಗಳ ಜಗಳ

ಅಕ್ಕನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಹಳೆಯ ಬೋರ್ಡೊಂದರಿಂದ ಬಿಡಿಸಿದ ರೋಧಕವನ್ನು ಹಿಡಿದುಕೊಂಡು ಬಂದ. ಮೊದಲ ಪಟ್ಟಿ ಕಿತ್ತಳೆ, ಮೂರನೆಯದು ಕಂದು. ನಡುವಿನದಕ್ಕೆ ಬೆಸುಗೆಯ ಮಸಿ ಹಿಡಿದಿತ್ತು. ಅದು ಕಿತ್ತಳೆಯಾದರೆ 330 ಓಮ್, ಕಪ್ಪಾದರೆ 300 ಓಮ್.

ಮಲ್ಟಿಮೀಟರನ್ನು ಓಮ್ ಗುರುತಿಗೆ ತಿರುಗಿಸಿ ರೋಧಕದ ಎರಡೂ ಕಾಲುಗಳಿಗೆ ಮುಟ್ಟಿಸಿದ್ದರೆ ಕ್ಷಣದಲ್ಲಿ ಉತ್ತರ ಸಿಗುತ್ತಿತ್ತು. ಆದರೆ ಅವನ ಪುಸ್ತಕದಲ್ಲಿ ಒಂದು ಲೆಕ್ಕವಿತ್ತು: ಮೂರು ರೋಧಕಗಳು ಸಮಾಂತರವಾಗಿವೆ, ಒಟ್ಟು ಪ್ರವಾಹ ಇಷ್ಟು, ಒಂದು ಕವಲಿನ ಪ್ರವಾಹ ಇಷ್ಟು, ಗೊತ್ತಿಲ್ಲದ ರೋಧ ಎಷ್ಟು? ಅದನ್ನು ಕಾಗದದ ಮೇಲಲ್ಲ, ಮೇಜಿನ ಮೇಲೆ ಬಿಡಿಸೋಣ ಎಂದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕಾಯಿತು. ‘ವಿದ್ಯುತ್ತು ಕಡಿಮೆ ರೋಧವಿರುವ ದಾರಿಯನ್ನೇ ಹಿಡಿಯುತ್ತದೆ’ ಎಂದು ಶಾಲೆಯಲ್ಲಿ ಕೇಳಿದ ಮಾತು ಅವನ ತಲೆಯಲ್ಲಿತ್ತು. ಅದು ಎಲ್ಲ ದಾರಿಗಳನ್ನೂ ಹಿಡಿಯುತ್ತದೆ. ಕಡಿಮೆ ರೋಧದ ಕಡೆ ಹೆಚ್ಚು, ಹೆಚ್ಚು ರೋಧದ ಕಡೆ ಕಡಿಮೆ. ಸಮಾಂತರ ಕವಲುಗಳ ಎರಡೂ ತುದಿಗಳು ಒಂದೇ ಕಡೆ ಕೂಡುವುದರಿಂದ ಎಲ್ಲ ಕವಲುಗಳಿಗೂ ಒಂದೇ ವೋಲ್ಟೇಜು. ರೋಧ ಎರಡು ಪಟ್ಟಾದರೆ ಆ ಕವಲಿನ ಪ್ರವಾಹ ಅರ್ಧ. ಕವಲುಗಳ ಪ್ರವಾಹವನ್ನೆಲ್ಲ ಕೂಡಿಸಿದರೆ ಒಳಬಂದಷ್ಟೇ ಸಿಗಬೇಕು. ಇದನ್ನು ನಿಯಮವಾಗಿ ಬರೆದು ಪ್ರಕಟಿಸಿದಾಗ, 1845ರಲ್ಲಿ, ಕಿರ್ಚಾಫ್‌ಗೆ ಇಪ್ಪತ್ತೊಂದು ವರ್ಷ. ಆತ ಇನ್ನೂ ವಿದ್ಯಾರ್ಥಿ.

ಇನ್ನೊಂದು ಸೂಕ್ಷ್ಮವಿದೆ. ಮನೆಯಲ್ಲಿ ಫ್ರಿಜ್ ಮತ್ತು ಮೊಬೈಲ್ ಚಾರ್ಜರ್ ಸಮಾಂತರವಾಗಿಯೇ ಇವೆ. ಫ್ರಿಜ್ ಹಾಕಿದೊಡನೆ ಚಾರ್ಜರಿನ ಪಾಲೇನೂ ಕಡಿಮೆಯಾಗುವುದಿಲ್ಲ. ಅಲ್ಲಿ ವೋಲ್ಟೇಜು ಸ್ಥಿರ. ಯಾರಿಗೆ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳುತ್ತಾರೆ. ನಿಜವಾದ ‘ಹಂಚಿಕೆ’ ಕಾಣಬೇಕಾದರೆ ಒಟ್ಟು ಪ್ರವಾಹ ಸ್ಥಿರವಾಗಿರಬೇಕು. ಅದಕ್ಕೆ LM317 ಎಂಬ ಮೂರು ಕಾಲಿನ ಐಸಿಯನ್ನು ಬಳಸಿದೆ. ಅದು ತನ್ನ ಎರಡು ಕಾಲುಗಳ ನಡುವೆ 1.25 ವೋಲ್ಟನ್ನು ಕಾಯ್ದುಕೊಳ್ಳುತ್ತದೆ. ಆ ಎರಡು ಕಾಲುಗಳ ನಡುವೆ 68 ಓಮ್ ಇಟ್ಟರೆ ಹರಿಯುವುದು ಸುಮಾರು 18.4 ಮಿಲಿ ಆಂಪಿಯರ್, ಮುಂದೆ ಜೋಡಿಸುವ ರೋಧ ತೀರ ದೊಡ್ಡದಾಗಿರದಿದ್ದರೆ ಏನನ್ನು ಜೋಡಿಸಿದರೂ ಅಷ್ಟೇ. 9 ವೋಲ್ಟ್ ಬ್ಯಾಟರಿ ಸಾಕು. ಮೀಟರ್ 18.40 ಎಂದು ತೋರಿಸಿತು.

ಆ ಪ್ರವಾಹಕ್ಕೆ ಮೂರು ಕವಲುಗಳನ್ನು ಕೊಟ್ಟೆವು: 220 ಓಮ್, 470 ಓಮ್, ಜೊತೆಗೆ ನಮ್ಮ ಅನಾಮಿಕ. ಗೊತ್ತಿರುವ ಎರಡೂ ಶೇಕಡಾ 1ರ ನಿಖರತೆಯವು. 470ರ ಕವಲನ್ನು ಕತ್ತರಿಸಿ ಅಲ್ಲಿ ಮೀಟರನ್ನು ಸೇರಿಸಿದೆವು. ತೋರಿದ್ದು 3.96 ಮಿಲಿ ಆಂಪಿಯರ್.

ಹುಡುಗ ಬಾಯಿಪಾಠದ ಸೂತ್ರಕ್ಕೆ ಕೈಹಾಕಿದ: ಎದುರು ಕವಲಿನ ರೋಧವನ್ನು ಎರಡರ ಮೊತ್ತದಿಂದ ಭಾಗಿಸು, ಒಟ್ಟು ಪ್ರವಾಹದಿಂದ ಗುಣಿಸು. 220ನ್ನು 690ರಿಂದ ಭಾಗಿಸಿ 18.40ರಿಂದ ಗುಣಿಸಿದರೆ 5.87 ಬರುತ್ತದೆ. ಮೀಟರ್ ಹೇಳುತ್ತಿರುವುದು 3.96. “ಮಾವ, ಮೀಟರ್ ಕೆಟ್ಟಿದೆಯಾ?” ಎಂದ. ಮೀಟರ್ ಕೆಟ್ಟಿರಲಿಲ್ಲ, ಆ ಸೂತ್ರ ಇರುವುದು ಎರಡೇ ಕವಲುಗಳಿಗೆ. ನನಗಂತೂ ಆ ಸೂತ್ರವೇ ಇಷ್ಟವಿಲ್ಲ. ವೋಲ್ಟೇಜನ್ನು ಹಿಡಿದು ಹೊರಟರೆ ಕವಲು ಎಷ್ಟಿದ್ದರೂ ದಾರಿ ತಪ್ಪುವುದಿಲ್ಲ.

ಹಾಗೆಯೇ ಹೊರಟ. 470 ಓಮ್‌ನಲ್ಲಿ 3.96 ಮಿಲಿ ಆಂಪಿಯರ್ ಎಂದರೆ 1.861 ವೋಲ್ಟ್. ಅದೇ ವೋಲ್ಟೇಜು 220ರ ಮೇಲೂ ಇದೆ, ಆದ್ದರಿಂದ ಅಲ್ಲಿ 8.46. ಎರಡನ್ನೂ 18.40ರಿಂದ ಕಳೆದರೆ ಅನಾಮಿಕನ ಪಾಲು 5.98 ಮಿಲಿ ಆಂಪಿಯರ್. 1.861 ವೋಲ್ಟನ್ನು ಅದರಿಂದ ಭಾಗಿಸಿದರೆ 311 ಓಮ್. “ಶೇಕಡಾ 5ರ ರೋಧಕ ತಾನೆ? 300 ಎಂದರೆ 285ರಿಂದ 315ರವರೆಗೆ. 330 ಎಂದರೆ 313ಕ್ಕಿಂತ ಕೆಳಗೆ ಬರುವಂತಿಲ್ಲ. ಇದು 300, ನಡುವಿನ ಪಟ್ಟಿ ಕಪ್ಪು!” ಎಂದು ಗೆದ್ದವನಂತೆ ಪೆನ್ನು ಕೆಳಗಿಟ್ಟ.

ಗುಣಾಕಾರ, ಭಾಗಾಕಾರ ಎಲ್ಲ ಸರಿಯಿತ್ತು. ತಪ್ಪು ಇದ್ದದ್ದು 470 ಎಂಬ ಅಂಕಿಯಲ್ಲಿ.

ಪ್ರವಾಹವನ್ನು ಅಳೆಯುವ ಮೀಟರ್ ಬರಿಯ ತಂತಿಯಲ್ಲ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗೆ ಅಳೆಯುವ ಭಾಗಕ್ಕೆ ಗೊತ್ತಿರುವುದು ವೋಲ್ಟೇಜು ಮಾತ್ರ, ಅದೂ 200 ಮಿಲಿವೋಲ್ಟ್‌ವರೆಗೆ. ಪ್ರವಾಹವನ್ನು ತನ್ನೊಳಗಿನ ಸಣ್ಣ ರೋಧದ ಮೂಲಕ ಹರಿಸಿ, ಅದರ ಮೇಲೆ ಬೀಳುವ ವೋಲ್ಟೇಜನ್ನು ಓದಿಕೊಳ್ಳುತ್ತದೆ. 20 ಮಿಲಿ ಆಂಪಿಯರ್ ಶ್ರೇಣಿಯಲ್ಲಿ ಆ ರೋಧ 10 ಓಮ್ ಆಗುತ್ತದೆ. ಫ್ಯೂಸು ಮತ್ತು ಮೀಟರಿನ ತಂತಿಗಳದು ಬೇರೆ. ಒಟ್ಟು ಪ್ರವಾಹ ಅಳೆದಾಗ ಇದರಿಂದ ತೊಂದರೆಯಾಗಲಿಲ್ಲ, ಏಕೆಂದರೆ LM317 ಪಟ್ಟುಹಿಡಿದು 18.40ನ್ನೇ ತಳ್ಳುತ್ತದೆ. ಕವಲಿನೊಳಗೆ ಕುಳಿತಾಗ ಮಾತ್ರ ಮೀಟರ್ ಆ ಕವಲನ್ನು ಕಿರಿದು ಮಾಡಿತು. ಸ್ವಲ್ಪ ಪ್ರವಾಹ ಉಳಿದ ಎರಡು ಕವಲುಗಳಿಗೆ ಸರಿಯಿತು. ಅಳೆಯಲು ಬಂದದ್ದೇ ಹಂಚಿಕೆಯನ್ನು ಬದಲಿಸಿತು.

ಹಾಗಾದರೆ ಮೀಟರಿನ ರೋಧ ಸರಿಯಾಗಿ ಎಷ್ಟು? ಇದನ್ನೂ ಅದೇ ಹಂಚಿಕೆಯಿಂದ ಕಂಡುಹಿಡಿಯಬಹುದು. ಕವಲುಗಳನ್ನೆಲ್ಲ ಬಿಡಿಸಿ LM317ರ ಪ್ರವಾಹವನ್ನು ನೇರವಾಗಿ ಮೀಟರಿಗೆ ಕೊಟ್ಟೆವು: 18.40. ನಂತರ ಮೀಟರಿಗೆ ಸಮಾಂತರವಾಗಿ 10 ಓಮ್ ಇಟ್ಟೆವು. ಓದಿಕೆ 8.85ಕ್ಕೆ ಇಳಿಯಿತು. ಸರಿಯಾಗಿ ಅರ್ಧಕ್ಕೆ, ಅಂದರೆ 9.20ಕ್ಕೆ, ಇಳಿದಿದ್ದರೆ ಮೀಟರಿನದೂ 10 ಓಮ್ ಎನ್ನಬಹುದಿತ್ತು. ಅದಕ್ಕಿಂತ ಕೆಳಗಿಳಿದಿದೆ, ಆದ್ದರಿಂದ ತುಸು ಹೆಚ್ಚು. 10 ಓಮ್‌ನಲ್ಲಿ ಹರಿದದ್ದು 9.55 ಮಿಲಿ ಆಂಪಿಯರ್, ವೋಲ್ಟೇಜು 95.5 ಮಿಲಿವೋಲ್ಟ್, ಅದನ್ನು 8.85ರಿಂದ ಭಾಗಿಸಿದರೆ 10.8 ಓಮ್. “ಇದು ನಮ್ಮ ಲ್ಯಾಬಿನ ಗ್ಯಾಲ್ವನೋಮೀಟರ್ ಪ್ರಯೋಗ!” ಎಂದ ಹುಡುಗ. ಹೌದು, ಅರ್ಧ ವಿಚಲನೆಯ ವಿಧಾನ ಇದೇ. ಅಲ್ಲಿ ಪ್ರವಾಹವನ್ನು ಸ್ಥಿರವಾಗಿಡಲು ಸರಣಿಯಲ್ಲಿ ದೊಡ್ಡ ರೋಧ ಇಡುತ್ತಾರೆ, ಇಲ್ಲಿ ಆ ಕೆಲಸ ಐಸಿಯದು.

ಈಗ ಹಳೆಯ ಲೆಕ್ಕಕ್ಕೆ ಮರಳಿದೆವು. ಕವಲಿನ ರೋಧ 470 ಅಲ್ಲ, 480.8. ವೋಲ್ಟೇಜು 1.904. 220ರಲ್ಲಿ 8.65 ಮಿಲಿ ಆಂಪಿಯರ್. ಉಳಿದದ್ದು 5.79. ಭಾಗಿಸಿದರೆ 329 ಓಮ್. ಹನ್ನೊಂದು ಓಮ್‌ಗಳನ್ನು ಮರೆತದ್ದಕ್ಕೆ ಉತ್ತರ ಹದಿನೆಂಟು ಓಮ್ ಜಾರಿತ್ತು. ತಪ್ಪಾದ ವೋಲ್ಟೇಜು ಎರಡು ಕಡೆಯಿಂದ ಕಾಟ ಕೊಡುತ್ತದೆ: ಭಾಗಿಸುವಾಗ ಮೇಲಿನ ಅಂಕಿ ಕುಗ್ಗುತ್ತದೆ, ಕಳೆಯುವಾಗ ಕೆಳಗಿನ ಅಂಕಿ ಹಿಗ್ಗುತ್ತದೆ.

ಹುಮ್ಮಸ್ಸು ಬಂದು, ಅನಾಮಿಕನ ಜಾಗದಲ್ಲಿ 10 ಕಿಲೋ ಓಮ್ ಇಟ್ಟು ಅದನ್ನೂ ಹೀಗೆ ಕಂಡುಹಿಡಿಯುತ್ತೇನೆ ಎಂದ. ಬೇಡ ಎಂದೆ. ಅಲ್ಲಿ ಅದರ ಪಾಲು ಕೇವಲ 0.27 ಮಿಲಿ ಆಂಪಿಯರ್, 220ರದ್ದು 12.4. 220ರಲ್ಲಿ ಶೇಕಡಾ 1ರ ಏರುಪೇರಿದ್ದರೂ 0.12 ಹೋಯಿತು, ಅಂದರೆ ಉತ್ತರದ ಹತ್ತಿರ ಹತ್ತಿರ ಅರ್ಧ. ದೊಡ್ಡ ಅಂಕಿಗಳನ್ನು ಕಳೆದು ಚಿಕ್ಕದನ್ನು ಹುಡುಕುವಾಗ ದೊಡ್ಡವುಗಳ ತಪ್ಪೆಲ್ಲ ಚಿಕ್ಕದರ ತಲೆಗೆ ಬರುತ್ತದೆ. ಈ ವಿಧಾನ ನಂಬಬಹುದಾದದ್ದು ಅನಾಮಿಕನೂ ಗೊತ್ತಿರುವವರೂ ಹೆಚ್ಚುಕಡಿಮೆ ಒಂದೇ ಗಾತ್ರದವರಾಗಿದ್ದಾಗ.

ಕೊನೆಗೆ ರೋಧಕವನ್ನು ಬಿಡಿಸಿ ಓಮ್ ಶ್ರೇಣಿಯಲ್ಲಿ ಹಿಡಿದ. 328 ಎಂದಿತು. ಉಗುರಿನಿಂದ ಮಸಿಯನ್ನು ಕೆರೆದಾಗ ಕೆಳಗೆ ಕಿತ್ತಳೆ ಬಣ್ಣ ಇಣುಕಿತು.