ಮರುಮೌಲ್ಯಮಾಪನ: ಒಂದು ವಿಷಯದ ಅಂಕ ಬದಲಾದರೆ ಒಟ್ಟು ಶೇಕಡಾ, ರ‍್ಯಾಂಕ್ ಎಷ್ಟು ಸರಿಯುತ್ತದೆ?

ಮರು ಎಣಿಕೆಯಲ್ಲಿ ಉತ್ತರಪತ್ರಿಕೆಯ ಮೇಲೆ ಈಗಾಗಲೇ ಬಿದ್ದಿರುವ ಅಂಕಗಳನ್ನು ಮತ್ತೆ ಕೂಡಿಸುತ್ತಾರೆ, ಅಷ್ಟೆ. ಮರುಮೌಲ್ಯಮಾಪನದಲ್ಲಿ ಉತ್ತರಗಳನ್ನೇ ಮತ್ತೊಮ್ಮೆ ಓದಿ ಹೊಸದಾಗಿ ಅಂಕ ಹಾಕುತ್ತಾರೆ. ಹೀಗೆ ಬಂದ ಹೊಸ ಅಂಕ ಒಂದೇ ವಿಷಯದ್ದಾದರೂ ಒಟ್ಟು ಶೇಕಡಾ ಮತ್ತು ರ‍್ಯಾಂಕ್ ಎರಡನ್ನೂ ಅಲುಗಾಡಿಸುತ್ತದೆ. ಎರಡೂ ಒಂದೇ ರೀತಿಯಲ್ಲಿ ಅಲುಗುವುದಿಲ್ಲ.

ಎಸ್ಸೆಸ್ಸೆಲ್ಸಿಯನ್ನೇ ತೆಗೆದುಕೊಳ್ಳಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಆದ್ದರಿಂದ ಯಾವ ವಿಷಯದಲ್ಲೇ ಆಗಲಿ, 1 ಅಂಕ ಹೆಚ್ಚಿದರೆ ಒಟ್ಟು ಶೇಕಡಾ 0.16ರಷ್ಟು ಏರುತ್ತದೆ. ಕನ್ನಡದ ಒಂದು ಅಂಕಕ್ಕೂ ಗಣಿತದ ಒಂದು ಅಂಕಕ್ಕೂ ಇಲ್ಲಿ ವ್ಯತ್ಯಾಸವಿಲ್ಲ. ಆರು ವಿಷಯಗಳ ಶೇಕಡಾ ಬರೆದು ಆರರಿಂದ ಭಾಗಿಸುವ ಅಭ್ಯಾಸ ಹಲವರಿಗಿದೆ, ಲೆಕ್ಕ ತಪ್ಪುವುದು ಅಲ್ಲೇ. 6 ಅಂಕ ಹೆಚ್ಚಿದಾಗ ನಿಜವಾದ ಏರಿಕೆ 0.96. ಆ ದಾರಿಯಲ್ಲಿ ಹೋದರೆ ಗಣಿತಕ್ಕೆ 1.00 ಎಂದೂ ಪ್ರಥಮ ಭಾಷೆಗೆ 0.80 ಎಂದೂ ಬರುತ್ತದೆ.

ಶಿರಸಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಒಬ್ಬ ಹುಡುಗಿಗೆ 557 ಬಂದಿದೆ ಎನ್ನೋಣ, ಅಂದರೆ ಶೇ. 89.12. ಗಣಿತದಲ್ಲಿ ಲಿಖಿತಕ್ಕೆ 52, ಆಂತರಿಕ ಮೌಲ್ಯಮಾಪನಕ್ಕೆ 19, ಸೇರಿ 71. ಮರುಮೌಲ್ಯಮಾಪನದಲ್ಲಿ ಲಿಖಿತದ 52 ಹೋಗಿ 58 ಆಯಿತು. ಆಂತರಿಕದ 19ನ್ನು ಯಾರೂ ಮುಟ್ಟುವುದಿಲ್ಲ. ಗಣಿತ 77, ಒಟ್ಟು 563, ಶೇ. 90.08. ಎ ದರ್ಜೆಯಿಂದ ಎ ಪ್ಲಸ್‌ಗೆ ಏರಿಕೆ. ಒಂದೇ ಒಂದು ಅಂಕ ಕಡಿಮೆಯಾಗಿ 562 ಆಗಿದ್ದರೆ ಶೇ. 89.92; ಬಾಯಲ್ಲಿ 'ತೊಂಬತ್ತು' ಎಂದು ಹೇಳಿಕೊಳ್ಳಬಹುದು, ದರ್ಜೆ ಮಾತ್ರ ಎ ಆಗಿಯೇ ಉಳಿಯುತ್ತದೆ.

ಶಾಲೆಯ ಪಟ್ಟಿ ತಿದ್ದುವಾಗ ಎಡವುವುದು ಸಾಮಾನ್ಯವಾಗಿ ಈ ಆಂತರಿಕ ಅಂಕದಲ್ಲಿ. ಗಣಿತದ ಒಟ್ಟು ಅಂಕದ ಕಾಲಮ್ಮಿನಲ್ಲಿ 77ರ ಬದಲು ಲಿಖಿತದ 58ನ್ನೇ ಬರೆದುಬಿಟ್ಟರೆ ಒಟ್ಟು 544 ಆಗುತ್ತದೆ, ಹೆಚ್ಚಬೇಕಾದವಳಿಗೆ 13 ಅಂಕ ಕಡಿಮೆ! ಪತ್ತೆ ಹಚ್ಚುವುದು ಸುಲಭ: ಹಳೇ ಒಟ್ಟಿಗೂ ಹೊಸ ಒಟ್ಟಿಗೂ ಇರುವ ಅಂತರ, ಲಿಖಿತದ ಹಳೇ ಅಂಕಕ್ಕೂ ಹೊಸ ಅಂಕಕ್ಕೂ ಇರುವ ಅಂತರದಷ್ಟೇ ಇರಬೇಕು. ಇಲ್ಲಿ ಎರಡೂ 6.

ಇನ್ನು ರ‍್ಯಾಂಕ್. ಶೇಕಡಾ ನಿಮ್ಮ ಅಂಕದಿಂದಲೇ ತೀರ್ಮಾನವಾಗುತ್ತದೆ, ರ‍್ಯಾಂಕ್ ಹಾಗಲ್ಲ. ಹಳೇ ಅಂಕಕ್ಕೂ ಹೊಸ ಅಂಕಕ್ಕೂ ನಡುವೆ ಎಷ್ಟು ಜನ ನಿಂತಿದ್ದಾರೆ ಎಂಬುದೇ ಅಲ್ಲಿನ ಲೆಕ್ಕ. ತರಗತಿಯ ಮೇಲಿನ ಸಾಲು ಹೀಗಿದೆ ಎಂದುಕೊಳ್ಳಿ: 601, 590, 574, 566, 563, 563, 560, 557, 552. ನಮ್ಮ ಹುಡುಗಿ 8ನೇ ಸ್ಥಾನದಲ್ಲಿದ್ದಳು. 563 ಆದೊಡನೆ ಅಲ್ಲಿದ್ದ ಇಬ್ಬರ ಜೊತೆ ಅವಳೂ 5ನೇ ಸ್ಥಾನ ಹಂಚಿಕೊಳ್ಳುತ್ತಾಳೆ. ಆ ಇಬ್ಬರ ಸ್ಥಾನ ಕದಲುವುದಿಲ್ಲ. 560 ಪಡೆದವನು 7ರಿಂದ 8ಕ್ಕೆ ಇಳಿಯುತ್ತಾನೆ. 552ರವಳು 9ರಲ್ಲೇ ಇರುತ್ತಾಳೆ. ಹೊಸ ಅಂಕ 567 ಆಗಿದ್ದರೆ ಅವಳು 566ನ್ನೂ ದಾಟಿ ಒಬ್ಬಳೇ 4ನೇ ಸ್ಥಾನಕ್ಕೆ ಬರುತ್ತಿದ್ದಳು, ನಡುವಿನ ನಾಲ್ವರೂ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದರು.

ಇದು ಸಮ ಅಂಕದವರ ನಂತರ ಅಷ್ಟು ಸಂಖ್ಯೆ ಬಿಟ್ಟು ಮುಂದುವರಿಯುವ ಪದ್ಧತಿ (5, 5, 5, 8). ಕೆಲವು ಶಾಲೆಗಳಲ್ಲಿ ಸಂಖ್ಯೆ ಬಿಡದೆ 5, 5, 5, 6 ಎಂದು ಬರೆಯುತ್ತಾರೆ. ಆ ಪದ್ಧತಿಯಲ್ಲಿ ಅದೇ ಹುಡುಗಿ 7ರಿಂದ 5ಕ್ಕೆ ಬರುತ್ತಾಳೆ, 560ರವನು 6ರಲ್ಲೇ ಉಳಿಯುತ್ತಾನೆ. ತಮಾಷೆಯೆಂದರೆ, 557 ಎಂಬ ಅಂಕವೇ ಪಟ್ಟಿಯಿಂದ ಮಾಯವಾದ್ದರಿಂದ, ಏನೂ ಬದಲಾಗದ 552ರವಳು 8ರಿಂದ 7ಕ್ಕೆ ಏರುತ್ತಾಳೆ. ರ‍್ಯಾಂಕ್ ವಿಚಾರದಲ್ಲಿ ಜಗಳ ಬಂದರೆ ಮೊದಲು ಕೇಳಬೇಕಾದದ್ದು ಯಾವ ಪದ್ಧತಿ ಎಂದು.

ಎಕ್ಸೆಲ್‌ನಲ್ಲಿ, ಒಟ್ಟು ಅಂಕ ಎಚ್ ಕಾಲಮ್ಮಿನಲ್ಲಿದ್ದು 40 ಮಕ್ಕಳಿದ್ದರೆ, ಮೊದಲ ಪದ್ಧತಿಯ ಸೂತ್ರ ಇದು:

```
=RANK.EQ(H2,$H$2:$H$41,0)
```

ಡಾಲರ್ ಚಿಹ್ನೆ ಬಿಟ್ಟರೆ ಸೂತ್ರವನ್ನು ಕೆಳಗೆ ಎಳೆದಂತೆಲ್ಲ ವ್ಯಾಪ್ತಿಯೂ ಜಾರಿ, ಮೇಲಿನ ಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಾರೆ. ಮೊದಲನೇ ರ‍್ಯಾಂಕ್ ಹಲವರಿಗೆ ಸಿಕ್ಕಿದ್ದು ಕಂಡರೆ ಕಾರಣ ಹೆಚ್ಚಾಗಿ ಇದೇ. ಅಂಕ ತಿದ್ದಿದರೂ ರ‍್ಯಾಂಕ್ ಅಲುಗದಿದ್ದರೆ, ಆ ಕಾಲಮ್ಮಿನಲ್ಲಿ ಸೂತ್ರದ ಬದಲು ಬರಿಯ ಸಂಖ್ಯೆ ಅಂಟಿಸಿದ್ದಾರೆಯೇ ನೋಡಿ.

ಶಾಲೆಯ ಹೊರಗಿನ ಪಟ್ಟಿಗೂ ಇದೇ ನಿಯಮ, ಆದರೆ ಗಡಿ ಬೇರೆ. ಉತ್ತರ ಕನ್ನಡ ಕಂದಾಯ ಜಿಲ್ಲೆಯಾಗಿ ಒಂದೇ ಇದ್ದರೂ ಶೈಕ್ಷಣಿಕ ಜಿಲ್ಲೆಗಳು ಎರಡು. ಸಿದ್ದಾಪುರ, ಯಲ್ಲಾಪುರದವರು ಶಿರಸಿಯ ಪಟ್ಟಿಯಲ್ಲಿ, ಕುಮಟಾ, ಹೊನ್ನಾವರ, ಭಟ್ಕಳದವರು ಕಾರವಾರದ ಪಟ್ಟಿಯಲ್ಲಿ. ಶಿರಸಿಯ ಹುಡುಗಿಗೆ 6 ಅಂಕ ಹೆಚ್ಚಿದರೆ ಕುಮಟೆಯ ಹುಡುಗನ ಶೈಕ್ಷಣಿಕ ಜಿಲ್ಲಾ ಸ್ಥಾನಕ್ಕೆ ಏನೂ ಆಗುವುದಿಲ್ಲ. ಎರಡನ್ನೂ ಒಟ್ಟುಗೂಡಿಸಿದ ಪಟ್ಟಿ ಯಾರಾದರೂ ಮಾಡಿದ್ದರೆ, ಅಲ್ಲಿ ಮಾತ್ರ ಆಗಬಹುದು.